ಕೋಳಿ ಮೊಟ್ಟೆಗೂ ಒಂದು ಕ್ಯಾಲೆಂಡರ್: ಕಾವಿಗಿಟ್ಟ ವಾರವೇ ಮರಿ ಒಡೆಯುವ ವಾರ



ನಿಮ್ಮ ಮನೆಯ ಗೋಡೆ ಕ್ಯಾಲೆಂಡರ್ ಮೇಲೆ ಹಸುವಿನ ಗುರುತು ಇದ್ದೇ ಇರುತ್ತದೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ದಿನ ಒಂದು ಸುತ್ತು ಹಾಕುತ್ತೀರಿ. ಅಲ್ಲಿಂದ ಮೂರು ವಾರ ಎಣಿಸಿ, ಇಪ್ಪತ್ತೊಂದನೇ ದಿನದ ಆಚೀಚೆ ಹಸು ಮತ್ತೆ ಬೆದೆಗೆ ಬಂತೇ ಎಂದು ನೋಡುತ್ತೀರಿ. ಅದೇ ಕೊಟ್ಟಿಗೆಯ ಮೂಲೆಯಲ್ಲಿ ಕಾವಿಗೆ ಕೂತ ಕೋಳಿಗೂ ಲೆಕ್ಕ ಇಪ್ಪತ್ತೊಂದೇ ದಿನ. ಆದರೆ ಹಸುವಿನ ಲೆಕ್ಕ ಬರೆದಿಡುವ ನಾವು ಕೋಳಿಯ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಳ್ಳುತ್ತೇವೆ. "ಹಬ್ಬದ ಮಾರನೇ ದಿನ ಇಟ್ಟಿದ್ದು, ಇನ್ನೇನು ಒಡೀಬೇಕು" ಎನ್ನುತ್ತಲೇ ದಿನ ಕಳೆಯುತ್ತೇವೆ.

ಬರೆದಿಡದೆ ಹೋದರೆ ಆಗುವ ನಷ್ಟ ಸಣ್ಣದಲ್ಲ. ನಾಟಿ ಕೋಳಿ ಒಂದು ಸುತ್ತಿಗೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಕೂತ ಮೂರು ವಾರ ಅದು ಮೊಟ್ಟೆ ಇಡುವುದಿಲ್ಲ. ಮರಿ ಒಡೆದರೆ ಅವನ್ನು ಕರೆದುಕೊಂಡು ತಿರುಗುವ ಇನ್ನೂ ಕೆಲವು ವಾರ ಇಡುವುದಿಲ್ಲ. ಕೂತದ್ದೆಲ್ಲ ಗೊಡ್ಡು ಮೊಟ್ಟೆಯ ಮೇಲಾದರೆ ಮೊಟ್ಟೆಯೂ ಹೋಯಿತು, ಮರಿಯೂ ಇಲ್ಲ, ಕೋಳಿಯೂ ಸೊರಗಿತು. ಈ ನಷ್ಟವನ್ನು ಮೂರು ವಾರದಿಂದ ಒಂದು ವಾರಕ್ಕೆ ಇಳಿಸುವ ದಾರಿ ಇದೆ. ಕ್ಯಾಲೆಂಡರ್ ಮೇಲೆ ನಾಲ್ಕು ಗುರುತು ಮತ್ತು ಕೈಯಲ್ಲೊಂದು ಟಾರ್ಚ್ ಇದ್ದರೆ ಸಾಕು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಕಡೆಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಂಡು ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಎಣಿಕೆ ಎಲ್ಲಿಂದ ಶುರು?

ಮೊಟ್ಟೆಯೊಳಗೆ ಮರಿ ಬೆಳೆಯಲು ಇಪ್ಪತ್ತೊಂದು ಪೂರ್ತಿ ದಿನ ಬೇಕು. ಒಂದು ದಿನ ಎಂದರೆ ಹಗಲು ರಾತ್ರಿ ಸೇರಿ 24 ಗಂಟೆ. ಬುಧವಾರ ಸಂಜೆ ಏಳು ಗಂಟೆಗೆ ಮೊಟ್ಟೆ ಇಟ್ಟು ಕೋಳಿಯನ್ನು ಕೂರಿಸಿದಿರಿ ಎನ್ನಿ. ಗುರುವಾರ ಸಂಜೆ ಏಳಕ್ಕೆ ಒಂದು ದಿನ ಆಯಿತು. ಅಂದರೆ ಮೊಟ್ಟೆ ಇಟ್ಟ ದಿನವನ್ನು ಒಂದು ಎಂದು ಎಣಿಸಬಾರದು, ಅದು ಸೊನ್ನೆ. ಮಾರನೇ ದಿನವೇ ಒಂದು. ಇಟ್ಟ ದಿನವನ್ನೂ ಸೇರಿಸಿ ಎಣಿಸಿದವರಿಗೆ ಒಂದು ದಿನ ಮುಂಚೆಯೇ ಇಪ್ಪತ್ತೊಂದು ಮುಗಿಯುತ್ತದೆ. ಆಗ "ಇನ್ನೂ ಒಡೆದಿಲ್ಲವಲ್ಲ" ಎಂದು ಗಾಬರಿಯಾಗಿ ಮೊಟ್ಟೆ ಅಲುಗಾಡಿಸುವುದು, ಸಿಪ್ಪೆ ಬಿಡಿಸುವುದು ಶುರುವಾಗುತ್ತದೆ. ಮರಿ ಸಾಯುವುದು ಹೀಗೆ.

ಇಪ್ಪತ್ತೊಂದು ದಿನ ಎಂದರೆ ಸರಿಯಾಗಿ ಮೂರು ವಾರ. ಆದ್ದರಿಂದ ಬೆರಳು ಮಡಚಿ ಎಣಿಸುವ ಕೆಲಸವೇ ಬೇಡ. ಬುಧವಾರ ಇಟ್ಟ ಮೊಟ್ಟೆ ಮೂರನೇ ಬುಧವಾರ ಒಡೆಯುತ್ತದೆ. ಶನಿವಾರ ಇಟ್ಟದ್ದು ಮೂರನೇ ಶನಿವಾರ ಒಡೆಯುತ್ತದೆ. ನಡುವೆ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ದಿನಗಳು ಏಳು ಮತ್ತು ಹದಿನಾಲ್ಕು. ಅವೂ ಅದೇ ವಾರಕ್ಕೇ ಬೀಳುತ್ತವೆ. ಇಟ್ಟ ವಾರ ಒಂದು ನೆನಪಿದ್ದರೆ ಎಲ್ಲವೂ ನೆನಪಿದ್ದಂತೆ.

ಬೇರೆ ವಾರಕ್ಕೆ ಬೀಳುವುದು ಹದಿನೆಂಟನೇ ದಿನ ಮಾತ್ರ. ಅಂದಿನಿಂದ ಮೊಟ್ಟೆ ಮುಟ್ಟಬಾರದು. ಅದನ್ನು ಹೀಗೆ ನೋಡಿಕೊಳ್ಳಿ:

- ಸೋಮವಾರ ಇಟ್ಟರೆ ಮೂರನೇ ವಾರದ ಶುಕ್ರವಾರದಿಂದ ಮುಟ್ಟಬೇಡಿ, ಬರುವ ಸೋಮವಾರ ಮರಿ.
- ಮಂಗಳವಾರ ಇಟ್ಟರೆ ಶನಿವಾರದಿಂದ ಮುಟ್ಟಬೇಡಿ, ಮಂಗಳವಾರ ಮರಿ.
- ಬುಧವಾರ ಇಟ್ಟರೆ ಭಾನುವಾರದಿಂದ ಮುಟ್ಟಬೇಡಿ, ಬುಧವಾರ ಮರಿ.
- ಗುರುವಾರ ಇಟ್ಟರೆ ಸೋಮವಾರದಿಂದ ಮುಟ್ಟಬೇಡಿ, ಗುರುವಾರ ಮರಿ.
- ಶುಕ್ರವಾರ ಇಟ್ಟರೆ ಮಂಗಳವಾರದಿಂದ ಮುಟ್ಟಬೇಡಿ, ಶುಕ್ರವಾರ ಮರಿ.
- ಶನಿವಾರ ಇಟ್ಟರೆ ಬುಧವಾರದಿಂದ ಮುಟ್ಟಬೇಡಿ, ಶನಿವಾರ ಮರಿ.
- ಭಾನುವಾರ ಇಟ್ಟರೆ ಗುರುವಾರದಿಂದ ಮುಟ್ಟಬೇಡಿ, ಭಾನುವಾರ ಮರಿ.

ತಾರೀಖು ಬೇಕಾದರೆ ಇಟ್ಟ ತಾರೀಖಿಗೆ 21 ಸೇರಿಸಿ. ತಿಂಗಳು ದಾಟುವುದಾದರೆ ಇನ್ನೂ ಸುಲಭ. ಇಟ್ಟ ತಿಂಗಳಿಗೆ 31 ದಿನ ಇದ್ದರೆ ತಾರೀಖಿನಿಂದ 10 ಕಳೆಯಿರಿ, 30 ದಿನ ಇದ್ದರೆ 9 ಕಳೆಯಿರಿ. ಬಂದದ್ದು ಮುಂದಿನ ತಿಂಗಳ ತಾರೀಖು. ಜನವರಿ 20ಕ್ಕೆ ಇಟ್ಟದ್ದು ಫೆಬ್ರವರಿ 10ಕ್ಕೆ. ನವೆಂಬರ್ 15ಕ್ಕೆ ಇಟ್ಟದ್ದು ಡಿಸೆಂಬರ್ 6ಕ್ಕೆ. ಫೆಬ್ರವರಿಗೆ 28 ದಿನ ಇರುವ ವರ್ಷ 7 ಕಳೆದರೆ ಆಯಿತು.

ಎಲ್ಲ ಮೊಟ್ಟೆಗೂ ಒಂದೇ ದಿನ

ಈ ಲೆಕ್ಕ ನಿಲ್ಲಬೇಕಾದರೆ ಎಲ್ಲ ಮೊಟ್ಟೆಯನ್ನೂ ಒಂದೇ ದಿನ ಕೋಳಿಯ ಕೆಳಗೆ ಇಡಬೇಕು. ಕೋಳಿ ಮೊಟ್ಟೆ ಇಟ್ಟದ್ದು ಬೇರೆ ಬೇರೆ ದಿನವಾದರೂ ಚಿಂತೆಯಿಲ್ಲ. ಕಾವು ಸಿಗುವವರೆಗೆ ತಂಪಿನಲ್ಲಿರುವ ಮೊಟ್ಟೆಯಲ್ಲಿ ಮರಿ ಬೆಳೆಯುವುದಿಲ್ಲ, ಅದು ಕಾದು ಕುಳಿತಿರುತ್ತದೆ. ಕಾವು ತಾಗಿದ ಗಳಿಗೆಯಿಂದ ಎಲ್ಲಕ್ಕೂ ಒಟ್ಟಿಗೆ ಎಣಿಕೆ ಶುರು. ಹೀಗಾಗಿ ಮೊದಲು ಇಟ್ಟ ಮೊಟ್ಟೆಯನ್ನು ದಿನವೂ ತೆಗೆದು ಒಳಗಿಡಿ. ಗೂಡಿನಲ್ಲಿ ಆಸೆಗೆ ಒಂದು ಮೊಟ್ಟೆ ಬಿಟ್ಟರೆ ಸಾಕು.

ತೆಗೆದಿಟ್ಟ ಮೊಟ್ಟೆ ಒಂದು ವಾರದೊಳಗಿನದಾದರೆ ಒಳ್ಳೆಯದು. ಹತ್ತು ದಿನ ದಾಟಿದರೆ ಮರಿ ಆಗುವ ಸಾಧ್ಯತೆ ದಿನದಿನಕ್ಕೆ ಇಳಿಯುತ್ತದೆ. ಚೂಪು ತುದಿ ಕೆಳಗೆ ಮಾಡಿ, ಬೂದಿ ಅಥವಾ ರಾಗಿ ಹಾಕಿದ ಡಬ್ಬಿಯಲ್ಲಿ, ಒಲೆಯಿಂದ ದೂರ, ಮನೆಯ ತಂಪಾದ ಮೂಲೆಯಲ್ಲಿಡಿ. ಫ್ರಿಡ್ಜ್ ಬೇಡ, ಅಲ್ಲಿನ ಚಳಿ ಮರಿ ಕಟ್ಟುವ ಮೊಟ್ಟೆಗೆ ಅತಿಯಾಯಿತು. ನೀರಿನಲ್ಲಿ ತೊಳೆಯಲೂ ಬೇಡಿ. ಸಿಪ್ಪೆಯ ಮೇಲಿನ ತೆಳು ಪೊರೆ ಹೋದರೆ ಸೋಂಕು ಒಳಗೆ ಇಳಿಯುತ್ತದೆ. ಸಗಣಿ, ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ಅಡುಗೆಗೆ ಬಳಸಿ, ಕಾವಿಗೆ ಬೇಡ.

ನಮ್ಮ ಬಯಲುಸೀಮೆಯಲ್ಲಿ ಒಂದು ಎಚ್ಚರ ಬೇಕು. ಬೇಸಿಗೆಯಲ್ಲಿ ಶೀಟಿನ ಮನೆಯೊಳಗೆ ಇಟ್ಟ ಮೊಟ್ಟೆಗೆ ಬಿಸಿಲ ಝಳವೇ ಅರೆಬರೆ ಕಾವು ಕೊಡುತ್ತದೆ. ಮರಿ ಒಂದಿಷ್ಟು ಬೆಳೆಯಲು ಹೊರಟು, ರಾತ್ರಿ ತಣ್ಣಗಾದಾಗ ನಿಂತು ಸಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ "ಹನ್ನೆರಡು ಇಟ್ಟರೆ ನಾಲ್ಕೇ ಒಡೆದವು" ಎಂಬ ಮಾತಿಗೆ ಇದೂ ಒಂದು ಕಾರಣ. ಬೇಸಿಗೆಯಲ್ಲಿ ಇಡಲೇಬೇಕಾದರೆ ನಾಲ್ಕೈದು ದಿನದೊಳಗಿನ ಮೊಟ್ಟೆಯನ್ನೇ ಆರಿಸಿ. ಒದ್ದೆ ಮರಳಿನ ಮೇಲೆ ಮಣ್ಣಿನ ಕುಡಿಕೆ ಇಟ್ಟು ಅದರಲ್ಲಿ ಕೂಡಿಡಿ. ಮಳೆ ನಿಂತು ಚಳಿ ಬೀಳುವ ನವೆಂಬರ್‌ನಿಂದ ಫೆಬ್ರವರಿವರೆಗೆ ಈ ತೊಂದರೆ ಕಡಿಮೆ.

ಹುಂಜ ಇಲ್ಲದ ಮನೆಯ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಅಂಗಡಿಯ ಫಾರಂ ಮೊಟ್ಟೆಯೂ ಅಷ್ಟೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇರಲಿ. ಹುಂಜವನ್ನು ಮಾರಿದ ಮೇಲೂ ಸುಮಾರು ಒಂದು ವಾರದವರೆಗೆ ಬರುವ ಮೊಟ್ಟೆಯಲ್ಲಿ ಮರಿ ಕಟ್ಟಬಹುದು, ಆಮೇಲಿನದನ್ನು ನಂಬಬೇಡಿ.

ಕೋಳಿಯನ್ನು ಕೂರಿಸುವುದು ಸಂಜೆ ಕತ್ತಲಾದ ಮೇಲೆ. ಮಂಕರಿಗೆ ಮರಳು ಅಥವಾ ಬೂದಿ ಹಾಕಿ, ಮೇಲೆ ಮೆತ್ತನೆ ಒಣಹುಲ್ಲು ಹಾಸಿ. ಹೇನು ಬಾರದಂತೆ ಬೇವಿನ ಸೊಪ್ಪು ಸೇರಿಸಿ. ನಾಟಿ ಕೋಳಿಗೆ ಹತ್ತರಿಂದ ಹನ್ನೆರಡು ಮೊಟ್ಟೆ ಸಾಕು. ಎಲ್ಲವೂ ಅದರ ಎದೆಯ ಕೆಳಗೆ ಮುಚ್ಚಿಹೋಗಬೇಕು. ಗಿರಿರಾಜದಂಥ ದೊಡ್ಡ ಮೊಟ್ಟೆಯಾದರೆ ಒಂದೆರಡು ಕಡಿಮೆ ಮಾಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಈ ಗಿರಿರಾಜ ತಳಿ ತಾನಾಗಿ ಕಾವಿಗೆ ಕೂರುವುದು ತೀರಾ ಕಡಿಮೆ. ಅದರ ಮೊಟ್ಟೆಗೂ ನಾಟಿ ಕೋಳಿಯೇ ತಾಯಿಯಾಗಬೇಕು.

ಇಡುವ ಮುನ್ನ ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಪೆನ್ನಿನ ಶಾಯಿ ಬೇಡ. ಕೂತ ಕೋಳಿಯ ಮಂಕರಿಗೆ ಬೇರೆ ಕೋಳಿ ಬಂದು ಮೊಟ್ಟೆ ಇಟ್ಟು ಹೋಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಗೆರೆ ಇಲ್ಲದ ಮೊಟ್ಟೆ ಕಂಡರೆ ಅಂದೇ ತೆಗೆಯಿರಿ. ಬಿಟ್ಟರೆ ಏನಾಗುತ್ತದೆ? ಐದು ದಿನ ತಡವಾಗಿ ಸೇರಿದ ಮೊಟ್ಟೆ ಐದು ದಿನ ತಡವಾಗಿಯೇ ಒಡೆಯಬೇಕು. ಆದರೆ ಮೊದಲ ಮರಿಗಳು ಒಡೆದು ಒಂದೆರಡು ದಿನಕ್ಕೆ ತಾಯಿ ಅವನ್ನು ಕರೆದುಕೊಂಡು ಎದ್ದು ಹೋಗುತ್ತದೆ. ಆ ಮೊಟ್ಟೆಯೊಳಗಿನ ಮರಿ ತಣ್ಣಗಾಗಿ ಸಾಯುತ್ತದೆ.

ಕೆಲವರು ಮಂಕರಿಯಲ್ಲಿ ಇದ್ದಿಲು, ಕಬ್ಬಿಣದ ಚೂರು, ಒಣಮೆಣಸಿನಕಾಯಿ ಇಡುವುದುಂಟು. ಅದರಿಂದ ತೊಂದರೆಯಿಲ್ಲ, ದಿನದ ಲೆಕ್ಕವೂ ಬದಲಾಗುವುದಿಲ್ಲ.

ಏಳನೇ ದಿನ: ಬೆಳಕಿಗೆ ಹಿಡಿದು ನೋಡಿ

ಮೊದಲ ಐದಾರು ದಿನ ಮೊಟ್ಟೆಯನ್ನು ಅದರ ಪಾಡಿಗೆ ಬಿಡಿ. ಆಗ ನೋಡಿದರೂ ಮನೆಯ ಟಾರ್ಚಿಗೆ ಏನೂ ಸರಿಯಾಗಿ ಕಾಣದು. ಏಳನೇ ದಿನ ನೋಡಿದರೆ ಮರಿ ಕಟ್ಟಿದೆಯೋ ಇಲ್ಲವೋ ಸ್ಪಷ್ಟವಾಗಿ ತಿಳಿಯುತ್ತದೆ. ಇದಕ್ಕೆ ಕ್ಯಾಂಡ್ಲಿಂಗ್ ಎನ್ನುತ್ತಾರೆ. ಹಿಂದೆ ಮೇಣದ ಬತ್ತಿಯ ಬೆಳಕಿಗೆ ಹಿಡಿಯುತ್ತಿದ್ದರಿಂದ ಬಂದ ಹೆಸರು ಅದು. ಈಗ ಮೊಬೈಲ್‌ನ ಟಾರ್ಚ್ ಸಾಕು.

ರಟ್ಟಿನ ತುಂಡೊಂದರಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ರಂಧ್ರ ಮಾಡಿ ಟಾರ್ಚಿನ ಮೇಲಿಡಿ. ಕೋಣೆ ಕತ್ತಲಿರಲಿ. ಕೋಳಿ ದಿನಕ್ಕೊಮ್ಮೆ ಮೇವಿಗೆ, ನೀರಿಗೆ ಎದ್ದು ಹೋಗುತ್ತದಲ್ಲ, ಅದೇ ಹೊತ್ತು ನೋಡುವ ಹೊತ್ತು. ಹತ್ತು ಹದಿನೈದು ನಿಮಿಷ ಮೊಟ್ಟೆ ಆರಿದರೆ ಏನೂ ಆಗದು. ಕೈ ತೊಳೆದು ಒರೆಸಿಕೊಂಡು, ಮೊಟ್ಟೆಯ ದಪ್ಪ ತುದಿಯನ್ನು ರಂಧ್ರದ ಮೇಲಿಟ್ಟು ನಿಧಾನವಾಗಿ ತಿರುಗಿಸಿ ನೋಡಿ. ಹೋಲಿಸಲು ಅಂದೇ ಇಟ್ಟ ಹೊಸ ಮೊಟ್ಟೆಯೊಂದು ಪಕ್ಕದಲ್ಲಿದ್ದರೆ ಕಣ್ಣು ಬೇಗ ಪಳಗುತ್ತದೆ.

ಕಾಣುವುದು ಮೂರರಲ್ಲಿ ಒಂದು. ಮರಿ ಕಟ್ಟಿದ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಹರಡಿದ ಕೆಂಪು ಎಳೆಗಳು ಜೇಡದ ಕಾಲಿನಂತೆ ಕಾಣುತ್ತವೆ. ಸುಮ್ಮನೆ ಹಿಡಿದರೆ ಚುಕ್ಕೆ ಅಲುಗುವುದೂ ಕಂಡೀತು. ಗೊಡ್ಡು ಮೊಟ್ಟೆ ಹೊಸ ಮೊಟ್ಟೆಯ ಹಾಗೆಯೇ ತಿಳಿಯಾಗಿ ಬೆಳಗುತ್ತದೆ, ಒಳಗೆ ಹಳದಿಯ ಮಸುಕು ನೆರಳು ಮಾತ್ರ ಇರುತ್ತದೆ. ಮೂರನೆಯದು ಮರಿ ಕಟ್ಟಿ ನಡುವೆ ಸತ್ತ ಮೊಟ್ಟೆ. ಅದರಲ್ಲಿ ಎಳೆಗಳು ಇರುವುದಿಲ್ಲ, ಬದಲಿಗೆ ಒಂದು ಕೆಂಪು ಬಳೆ ಅಥವಾ ಗೆರೆ ಕಾಣುತ್ತದೆ.

ತಿಳಿಯಾದದ್ದನ್ನೂ ಕೆಂಪು ಬಳೆಯದ್ದನ್ನೂ ತೆಗೆದುಬಿಡಿ. ಕನಿಕರಪಟ್ಟು ಬಿಟ್ಟರೆ ಆ ಮೊಟ್ಟೆ ಕೊಳೆತು ಒಳಗೆ ಗಾಳಿ ತುಂಬಿ ಒಡೆಯುತ್ತದೆ, ಅದರ ಹೊಲಸು ಒಳ್ಳೆಯ ಮೊಟ್ಟೆಗಳಿಗೂ ಮೆತ್ತುತ್ತದೆ. ತೆಗೆದದ್ದನ್ನು ಕೋಳಿಗಳ ಮುಂದೆ ಒಡೆಯಬೇಡಿ, ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತುತ್ತದೆ. ಮಣ್ಣಿನಲ್ಲಿ ಹೂಳಿ. ಅನುಮಾನ ಇದ್ದ ಮೊಟ್ಟೆಗೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಟ್ಟು ಮತ್ತೆ ಮಂಕರಿಗೇ ಸೇರಿಸಿ, ಮೂರು ದಿನ ಬಿಟ್ಟು ಮತ್ತೊಮ್ಮೆ ನೋಡಿ. ಸಿಪ್ಪೆ ಗಾಢ ಕಂದು ಬಣ್ಣದ್ದಾದರೆ ಏಳನೇ ದಿನ ಕಾಣುವುದು ಕಷ್ಟ, ಅದಕ್ಕೂ ಹತ್ತನೇ ದಿನವೇ ಸರಿ.

ಏಳನೇ ದಿನದ ಮೊಟ್ಟೆಗಳು ಇನ್ನೊಂದು ಸುದ್ದಿಯನ್ನೂ ಹೇಳುತ್ತವೆ. ಹೆಚ್ಚಿನವು ತಿಳಿಯಾಗಿದ್ದರೆ ಹುಂಜದ ಕಡೆ ನೋಡಿ. ಅದಕ್ಕೆ ವಯಸ್ಸಾಗಿದೆ, ಇಲ್ಲವೇ ಹೇಂಟೆಗಳು ಹೆಚ್ಚಾಗಿವೆ. ಹೆಚ್ಚಿನವುಗಳಲ್ಲಿ ಕೆಂಪು ಬಳೆ ಕಂಡರೆ ಹುಂಜದ್ದು ತಪ್ಪಿಲ್ಲ. ಮೊಟ್ಟೆ ಕೂಡಿಟ್ಟ ಜಾಗ ಬಿಸಿಯಾಗಿತ್ತು, ಮೊಟ್ಟೆ ಹಳೆಯದಾಗಿತ್ತು, ಅಥವಾ ಕೋಳಿ ಮೊದಲ ದಿನಗಳಲ್ಲಿ ಸರಿಯಾಗಿ ಕೂರಲಿಲ್ಲ.

ಹದಿನಾಲ್ಕು ಮತ್ತು ಹದಿನೆಂಟು

ಹದಿನಾಲ್ಕನೇ ದಿನ ಮತ್ತೆ ನೋಡಿದಾಗ ಬದುಕಿರುವ ಮೊಟ್ಟೆಯ ಬಹುಭಾಗ ಕಪ್ಪಾಗಿರುತ್ತದೆ. ಅದು ಮರಿಯ ಮೈ. ದಪ್ಪ ತುದಿಯಲ್ಲಿ ಮಾತ್ರ ಬೆಳಕು ಹಾಯುವ ಬಟ್ಟಲಿನಂಥ ಜಾಗ ಇರುತ್ತದೆ, ಅದೇ ಗಾಳಿಗೂಡು. ಅದರ ಅಂಚು ಚೊಕ್ಕವಾಗಿ ಗೆರೆ ಎಳೆದಂತೆ ಇದ್ದು, ಪಕ್ಕದಲ್ಲಿ ಕೆಂಪು ಎಳೆ ಕಂಡರೆ ಮರಿ ಚೆನ್ನಾಗಿದೆ. ಅಂಚು ಕಲಸಿದಂತಿದ್ದು, ಅಲುಗಿಸಿದಾಗ ಒಳಗೆ ನೀರು ಆಡಿದಂತಾದರೆ, ಎಳೆ ಕಾಣದಿದ್ದರೆ ಮರಿ ಸತ್ತಿದೆ. ವಾಸನೆ ಬರುವ ಅಥವಾ ಸಿಪ್ಪೆಯ ಮೇಲೆ ಬೆವರಿನ ಹನಿಯಂತೆ ಜಿನುಗುವ ಮೊಟ್ಟೆಯನ್ನು ಬೆಳಕಿಗೆ ಹಿಡಿಯುವ ಗೋಜಿಗೇ ಹೋಗದೆ ಮೆಲ್ಲಗೆ ಹೊರಗೆ ಒಯ್ಯಿರಿ, ಅದು ಕೈಯಲ್ಲೇ ಸಿಡಿಯಬಹುದು.

ಹದಿನೆಂಟನೇ ದಿನದಿಂದ ಟಾರ್ಚ್ ಬೇಡ, ಕೈ ಹಾಕುವುದೂ ಬೇಡ. ಮರಿ ಆಗ ತಲೆಯನ್ನು ಗಾಳಿಗೂಡಿನ ಕಡೆಗೆ ತಿರುಗಿಸಿ, ಒಡೆದು ಬರಲು ತಕ್ಕ ಭಂಗಿಗೆ ಬಂದಿರುತ್ತದೆ. ನಾವು ಎತ್ತಿ ತಿರುಗಿಸಿದರೆ ಆ ಭಂಗಿ ಕೆಡುತ್ತದೆ. ಯಂತ್ರದಲ್ಲಿ ಮರಿ ಮಾಡಿಸುವವರೂ ಹದಿನೆಂಟನೇ ದಿನಕ್ಕೆ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸುತ್ತಾರೆ. ಈ ಮೂರು ದಿನ ನಿಮ್ಮ ಕೆಲಸ ಎರಡೇ. ಕೋಳಿಯ ಹತ್ತಿರವೇ ಕಾಳು ಮತ್ತು ನೀರು ಇಡುವುದು, ನಾಯಿ, ಬೆಕ್ಕು, ಮುಂಗುಸಿ ಬಾರದಂತೆ ನೋಡಿಕೊಳ್ಳುವುದು. ಒಣಗಾಳಿಯ ದಿನಗಳಾದರೆ ಮಂಕರಿಯ ಸುತ್ತಲಿನ ನೆಲಕ್ಕೆ ದಿನವೂ ನೀರು ಚಿಮುಕಿಸಿ. ಗಾಳಿಯಲ್ಲಿ ತೇವ ಇಲ್ಲದಿದ್ದರೆ ಸಿಪ್ಪೆಯೊಳಗಿನ ಪೊರೆ ಒಣಗಿ ಚರ್ಮದಂತಾಗಿ, ಮರಿಗೆ ಹರಿದು ಬರಲಾಗುವುದಿಲ್ಲ.

ಇಪ್ಪತ್ತೊಂದನೇ ದಿನ ಏನಾಗುತ್ತದೆ?

ಹತ್ತೊಂಬತ್ತು ಇಪ್ಪತ್ತನೇ ದಿನಕ್ಕೆ ಮರಿ ಒಳಗಿನ ಪೊರೆಯನ್ನು ಚುಚ್ಚಿ ಗಾಳಿಗೂಡಿನಲ್ಲಿ ಮೊದಲ ಉಸಿರು ತೆಗೆಯುತ್ತದೆ. ಕಿವಿ ಹತ್ತಿರ ಹಿಡಿದರೆ ಒಳಗಿಂದ ಚಿಂವ್ ಚಿಂವ್ ಕೇಳುತ್ತದೆ, ತಾಯಿಯೂ ಕೊಕ್ ಕೊಕ್ ಎಂದು ಉತ್ತರ ಕೊಡುತ್ತದೆ. ಆಮೇಲೆ ಸಿಪ್ಪೆಯಲ್ಲಿ ಸಣ್ಣ ಬಿರುಕು ಬೀಳುತ್ತದೆ. ಬಿರುಕು ಬಿದ್ದ ಮೇಲೆ ಮರಿ ಹೊರಬರಲು ಅರ್ಧ ದಿನದಿಂದ ಒಂದು ದಿನ ಬೇಕು. ನಮಗೆ ಅದು ಸುಮ್ಮನಿದ್ದಂತೆ ಕಾಣುವ ಆ ಹೊತ್ತಿನಲ್ಲೇ ಪೊರೆಯಲ್ಲಿರುವ ರಕ್ತ ಮರಿಯ ಮೈಗೆ ಇಳಿಯುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಈಗ ಸಿಪ್ಪೆ ಬಿಡಿಸಿದರೆ ರಕ್ತ ಸೋರಿ ಮರಿ ಸಾಯುತ್ತದೆ, ಇಲ್ಲವೇ ಹೊಕ್ಕುಳು ಮುಚ್ಚದೆ ಮುಂದೆ ಹುಣ್ಣಾಗುತ್ತದೆ. ಹಸುವಿನ ಕರುವನ್ನು ಎಳೆದು ಹೆರಿಗೆ ಮಾಡಿಸಿ ರೂಢಿಯಿದ್ದವರ ಕೈ ಇಲ್ಲಿ ತಡೆದುಕೊಳ್ಳಬೇಕು.

ಎಲ್ಲ ಮೊಟ್ಟೆಯೂ ಒಂದೇ ಗಂಟೆಗೆ ಒಡೆಯುವುದಿಲ್ಲ. ಸಣ್ಣ ಮೊಟ್ಟೆ ಅರ್ಧ ದಿನ ಮುಂಚೆ, ಹಳೆಯ ಮೊಟ್ಟೆ ಅರ್ಧ ದಿನ ತಡವಾಗಿ ಒಡೆಯಬಹುದು. ಕೋಳಿ ಹೆಚ್ಚು ಹೊತ್ತು ಎದ್ದು ಹೋಗುತ್ತಿದ್ದರೆ ಇಡೀ ಮಂಕರಿಯೇ ಇಪ್ಪತ್ತೆರಡನೇ ದಿನಕ್ಕೆ ಬೀಳುತ್ತದೆ. ಇಪ್ಪತ್ತಮೂರನೇ ದಿನ ಸಂಜೆಯವರೆಗೆ ಕಾಯಿರಿ. ಆಮೇಲೂ ಬಿರುಕು ಇಲ್ಲ, ಸದ್ದಿಲ್ಲ ಎಂದರೆ ಆ ಮೊಟ್ಟೆಯನ್ನು ತೆಗೆದುಬಿಡಿ.

ಮೊದಲು ಒಡೆದ ಮರಿ ಹಸಿದಿದೆ ಎಂದು ಎತ್ತಿಕೊಂಡು ಹೋಗಬೇಡಿ. ಹೊಟ್ಟೆಯೊಳಗೆ ಸೇರಿದ ಹಳದಿಯೇ ಅದಕ್ಕೆ ಎರಡು ದಿನದ ಬುತ್ತಿ. ತಾಯಿಯ ರೆಕ್ಕೆಯ ಕೆಳಗೆ ಒಣಗಿ ಗರಿ ಬಿಚ್ಚಿಕೊಳ್ಳಲಿ. ಎಲ್ಲ ಒಡೆದ ಮೇಲೆ ಮೊದಲು ತಟ್ಟೆಯಲ್ಲಿ ನೀರು, ಆಮೇಲೆ ನುಚ್ಚು ಕೊಡಿ.

ಒಂದು ಮನೆಯ ಲೆಕ್ಕ

ಈಗ ಉದಾಹರಣೆಗೆ ಬರೋಣ. ಹಾಲುರಾಮೇಶ್ವರದ ಕಡೆ ಎರಡು ಹಸು, ಆರು ನಾಟಿ ಕೋಳಿ ಇರುವ ಮನೆ ಎಂದುಕೊಳ್ಳಿ. ಎರಡು ಕೋಳಿಗಳು ಒಂದೇ ಹೊತ್ತಿಗೆ ಕಾವಿಗೆ ಬಂದಿವೆ. ಮೊದಲು ಬಂದ ಕೋಳಿಯನ್ನು ಎರಡು ದಿನ ಬರಿ ಗೂಡಿನಲ್ಲಿ ಒಂದು ಗೊಡ್ಡು ಮೊಟ್ಟೆಯ ಮೇಲೆ ಕೂರಿಸಿ, ಎರಡನೆಯದೂ ಸ್ಥಿರವಾಗಿ ಕೂತ ಮೇಲೆ ಎರಡಕ್ಕೂ ಒಂದೇ ಸಂಜೆ ಮೊಟ್ಟೆ ಇಡುತ್ತಾರೆ. ನವೆಂಬರ್ 12, ಬುಧವಾರ. ಒಂದೊಂದರ ಕೆಳಗೆ ಹತ್ತು, ಒಟ್ಟು ಇಪ್ಪತ್ತು ಮೊಟ್ಟೆ.

ಕ್ಯಾಲೆಂಡರ್ ಮೇಲೆ ಅಂದೇ ಗುರುತು ಬೀಳುತ್ತದೆ. ನವೆಂಬರ್ 19 ಬುಧವಾರ ಮೊದಲ ನೋಟ. 26 ಬುಧವಾರ ಎರಡನೇ ನೋಟ. 30 ಭಾನುವಾರದಿಂದ ಕೈ ಹಾಕುವಂತಿಲ್ಲ. ಡಿಸೆಂಬರ್ 3 ಬುಧವಾರ ಮರಿ.

ನವೆಂಬರ್ 19ಕ್ಕೆ ಬೆಳಕಿಗೆ ಹಿಡಿದಾಗ ಇಪ್ಪತ್ತರಲ್ಲಿ ಆರು ತಿಳಿಯಾಗಿವೆ, ಎರಡರಲ್ಲಿ ಕೆಂಪು ಬಳೆ ಇದೆ. ಉಳಿದದ್ದು ಹನ್ನೆರಡು. ಕ್ಯಾಲೆಂಡರ್ ಲೆಕ್ಕದ ಲಾಭ ಇಲ್ಲಿದೆ. ಹನ್ನೆರಡನ್ನೂ ಒಂದೇ ಕೋಳಿಯ ಕೆಳಗೆ ಸೇರಿಸುತ್ತಾರೆ, ಎಲ್ಲವೂ ಒಂದೇ ದಿನದ್ದಾದ್ದರಿಂದ ಒಟ್ಟಿಗೇ ಒಡೆಯುತ್ತವೆ. ಎರಡನೇ ಕೋಳಿಗೆ ಹೊಸ ಮೊಟ್ಟೆ ಇಟ್ಟು ಅಂದಿನಿಂದ ಹೊಸ ಎಣಿಕೆ ಶುರು ಮಾಡಬಹುದು. ಇಲ್ಲವೇ ಕಾವು ಬಿಡಿಸಿ ಮತ್ತೆ ಮೊಟ್ಟೆಗೆ ಬರುವಂತೆ ಮಾಡಬಹುದು. ಹೊಸ ಎಣಿಕೆ ಮಾಡುವುದಾದರೆ ಒಂದು ಮಾತು ನೆನಪಿರಲಿ. ಆ ಕೋಳಿ ಆಗಲೇ ಒಂದು ವಾರ ಕೂತಿದೆ, ಇನ್ನೂ ಮೂರು ವಾರ ಕೂರಬೇಕು. ಮೈ ತುಂಬಿಕೊಂಡಿದ್ದರೆ ಮಾತ್ರ ಕೂರಿಸಿ, ಸೊರಗಿದ್ದರೆ ಬಿಟ್ಟುಬಿಡಿ.

26ಕ್ಕೆ ಮತ್ತೆ ನೋಡಿದಾಗ ಒಂದು ಸತ್ತಿದೆ. ಹನ್ನೊಂದು ಉಳಿದವು. ಡಿಸೆಂಬರ್ 2ರ ರಾತ್ರಿ ಮೊದಲ ಬಿರುಕು. 3ರ ಸಂಜೆಗೆ ಎಂಟು ಮರಿ, 4ರ ಬೆಳಿಗ್ಗೆ ಇನ್ನೊಂದು. ಎರಡು ಮೊಟ್ಟೆ 5ರ ಸಂಜೆಯವರೆಗೂ ಸದ್ದಿಲ್ಲದೆ ಉಳಿದು ಹೊರಗೆ ಹೋದವು. ಇಪ್ಪತ್ತು ಮೊಟ್ಟೆಗೆ ಒಂಬತ್ತು ಮರಿ ಎಂದರೆ ಕಡಿಮೆಯೇ. ಆದರೆ ಎಲ್ಲಿ ಕಡಿಮೆಯಾಯಿತು ಎಂಬುದು ಈಗ ಗೊತ್ತಿದೆ. ಕಳೆದುಹೋದ ಹನ್ನೊಂದರಲ್ಲಿ ಆರು ಗೊಡ್ಡು. ಮುಂದಿನ ಸಲ ಸರಿಪಡಿಸಬೇಕಾದದ್ದು ಮಂಕರಿಯನ್ನಲ್ಲ, ಹುಂಜವನ್ನು.

ನಾಲ್ಕನೇ ಬುಧವಾರ

ಲೆಕ್ಕ ಡಿಸೆಂಬರ್ 3ಕ್ಕೆ ಮುಗಿಯುವುದಿಲ್ಲ. ಇನ್ನೊಂದು ಬುಧವಾರ, ಅಂದರೆ ಡಿಸೆಂಬರ್ 10ಕ್ಕೆ ಮರಿಗಳಿಗೆ ಏಳು ದಿನ ತುಂಬುತ್ತದೆ. ಕೊಕ್ಕರೆ ರೋಗಕ್ಕೆ ಮೊದಲ ಲಸಿಕೆಯನ್ನು ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿಯಂತೆ ಹಾಕಿಸುವುದು ಐದರಿಂದ ಏಳನೇ ದಿನದೊಳಗೆ. ಈ ರೋಗ ಊರಿಗೆ ಬಂದರೆ ಮರಿ, ದೊಡ್ಡ ಕೋಳಿ ಎನ್ನದೆ ಕೊಟ್ಟಿಗೆಯೇ ಬರಿದಾಗುವುದನ್ನು ನೀವೆಲ್ಲ ನೋಡಿದ್ದೀರಿ.

ಲಸಿಕೆಯ ಒಂದು ಸೀಸೆ ನೂರಾರು ಮರಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಒಂಬತ್ತು ಮರಿಗಾಗಿ ಯಾರೂ ಸೀಸೆ ಒಡೆಯಲಾರರು. ಹಾಗಾಗಿ ಬೀದಿಯ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ವಾರದ ಒಂದೇ ದಿನ ಕೋಳಿ ಕೂರಿಸಿ. ಬೆಳಿಗ್ಗೆ ಹಾಲು ಹಾಕಲು ಸಂಘದ ಮುಂದೆ ಸಾಲಿನಲ್ಲಿ ನಿಂತಾಗ ಈ ಮಾತು ಆಗಿಬಿಡುತ್ತದೆ. ಎಲ್ಲರ ಮರಿಯೂ ಒಂದೇ ದಿನ ಒಡೆದರೆ ಎಲ್ಲರ ಲಸಿಕೆಯೂ ಒಂದೇ ದಿನಕ್ಕೆ ಬರುತ್ತದೆ. ಪಶು ಆಸ್ಪತ್ರೆಯಲ್ಲಿ ಆ ತಾರೀಖನ್ನು ಮೂರು ವಾರ ಮೊದಲೇ ಹೇಳಿಡಬಹುದು. ಲಸಿಕೆಯನ್ನು ಐಸ್ ಹಾಕಿದ ಡಬ್ಬಿಯಲ್ಲೇ ತನ್ನಿ, ಬಿಸಿಲು ತಾಗಿದರೆ ಅದು ಕೆಲಸ ಮಾಡುವುದಿಲ್ಲ.

ಹಸುವಿನ ಗುರುತಿನ ಪಕ್ಕದಲ್ಲೇ ಕೋಳಿಯ ಗುರುತೂ ಇರಲಿ. ಗೊಂದಲವಾಗದಂತೆ ಬೇರೆ ಬಣ್ಣದ ಪೆನ್ ಬಳಸಿ, ಮೊಟ್ಟೆ ಇಟ್ಟ ದಿನ ಎಷ್ಟು ಇಟ್ಟಿರಿ ಎಂಬ ಸಂಖ್ಯೆಯನ್ನು ಬರೆಯಿರಿ. ಏಳನೇ ದಿನ ಎಷ್ಟು ತೆಗೆದಿರಿ, ಹದಿನಾಲ್ಕನೇ ದಿನ ಎಷ್ಟು ಉಳಿದವು, ಇಪ್ಪತ್ತೊಂದಕ್ಕೆ ಎಷ್ಟು ಮರಿ ಎಂಬುದನ್ನು ಆಯಾ ಚೌಕದಲ್ಲೇ ಬರೆಯುತ್ತಾ ಹೋಗಿ. ಹುಂಜ ಬದಲಿಸಬೇಕೇ, ಮೊಟ್ಟೆ ಇಡುವ ಜಾಗ ಬದಲಿಸಬೇಕೇ, ಯಾವ ಕೋಳಿ ಒಳ್ಳೆಯ ತಾಯಿ ಎಂಬ ಪ್ರಶ್ನೆಗಳಿಗೆ ಎರಡು ಮೂರು ಸುತ್ತಿನಲ್ಲಿ ಆ ಚೌಕಗಳೇ ಉತ್ತರ ಹೇಳುತ್ತವೆ.